ಬೆಳಿಗ್ಗೆ 11.7 ಮೀಟರ್, ಮಧ್ಯಾಹ್ನ 16.8: ಒಂದೇ ಬೇವಿನ ಮರದ ಲೆಕ್ಕ

"ಫೆಬ್ರುವರಿ ಕೊನೆಯ ವಾರ ಹತ್ತನೇ ತರಗತಿ ಮಕ್ಕಳಿಂದ ಶಾಲೆ ಅಂಗಳದ ಬೇವಿನ ಮರದ ಎತ್ತರ ಅಳೆಸಿದೆ. ಸಮರೂಪ ತ್ರಿಭುಜದ ಪಾಠ, ಹಾಗಾಗಿ ನೆರಳಿನ ವಿಧಾನ. ಒಂದು ಮೀಟರ್ ಕೋಲು ನಿಲ್ಲಿಸಿದೆವು. ಬೆಳಿಗ್ಗೆ 9ಕ್ಕೆ ಕೋಲಿನ ನೆರಳು 1.65 ಮೀಟರ್, ಮರದ್ದು 19.3. ಮಧ್ಯಾಹ್ನ 12.30ಕ್ಕೆ ಇನ್ನೊಂದು ಗುಂಪು ಅಳೆದಾಗ ಕೋಲಿನದು 0.44, ಮರದ್ದು 7.4. ಮೊದಲನೆಯವರಿಗೆ 11.7 ಮೀಟರ್ ಬಂತು, ಎರಡನೆಯವರಿಗೆ 16.8. ಮತ್ತೆ ಮತ್ತೆ ಲೆಕ್ಕ ನೋಡಿದೆವು, ತಪ್ಪು ಸಿಗಲಿಲ್ಲ. 'ಮಧ್ಯಾಹ್ನಕ್ಕ ಮರ ಬೆಳಿತೈತೇನ್ರಿ ಅಕ್ಕೋರೆ?' ಅಂತ ಒಬ್ಬ ಹುಡುಗ ಕೇಳಿದ. ಯಾರದ್ದು ಸರಿ?"
— ಗಣಿತ ಶಿಕ್ಷಕಿ, ಕೊಪ್ಪಳ ತಾಲ್ಲೂಕು

ಮೇಡಂ,

ಎರಡೂ ಸರಿಯಲ್ಲ. ಆದರೆ ಎರಡನ್ನೂ ಜೊತೆಗಿಟ್ಟರೆ ಸರಿಯಾದ ಉತ್ತರ ಸಿಗುತ್ತದೆ. ಅದಕ್ಕೇ ನಿಮ್ಮ ಪತ್ರ ಓದಿ ನನಗೆ ತುಂಬ ಖುಷಿಯಾಯಿತು. ಒಂದೇ ಗುಂಪು ಅಳೆದಿದ್ದರೆ ಅದು ಹೇಳಿದ್ದನ್ನೇ ಎಲ್ಲರೂ ಬರೆದುಕೊಂಡು ಒಳಗೆ ಹೋಗುತ್ತಿದ್ದರು, ಅಲ್ವಾ?

ಮಕ್ಕಳ ಭಾಗಾಕಾರ ಸರಿಯಾಗಿದೆ. ಟೇಪು ಹಿಡಿದಿದ್ದೂ ಸರಿ ಇದೆ ಅಂತಲೇ ನನ್ನ ನಂಬಿಕೆ. ಗೊಂದಲ ಇರುವುದು ನೆರಳಿನ ತುದಿಯಲ್ಲಿ. ಕೋಲಿನ ನೆರಳಿನ ತುದಿ ಕೋಲಿನ ತುದಿಯದ್ದೇ, ಅದರಲ್ಲಿ ಅನುಮಾನವಿಲ್ಲ. ಬೇವಿನ ನೆರಳಿನ ತುದಿ ಮಾತ್ರ ಮರದ ತುದಿಯದ್ದಲ್ಲ. ಬೇವು ಕಂಬದ ಹಾಗೆ ನಿಲ್ಲುವುದಿಲ್ಲ, ಸುತ್ತಲೂ ಗುಂಡಗೆ ಹರಡುತ್ತದೆ. ಸೂರ್ಯ ಮೇಲಿದ್ದಾಗ ನೆರಳಿನ ಹೊರ ಅಂಚನ್ನು ಬರೆಯುವುದು ಪಕ್ಕಕ್ಕೆ ಚಾಚಿದ ಕೊಂಬೆಗಳು. ಮರದ ನೆತ್ತಿಯ ನೆರಳು ಅದೇ ಹರವಿನ ನೆರಳಿನೊಳಗೆ ಎಲ್ಲೋ ಮುಚ್ಚಿಹೋಗಿರುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬೋರ್ಡಿನ ಮೇಲೆ ಒಂದು ಚಿತ್ರ ಬರೆಸಿ. ನೆಲಕ್ಕೆ ಒಂದು ಗೆರೆ, ಕಾಂಡಕ್ಕೆ ಒಂದು ನೇರ ಗೆರೆ, ಅದರ ಮೇಲೆ ಎಲೆ-ಕೊಂಬೆಯ ಹರವಿಗೆ ಒಂದು ವೃತ್ತ. ಈಗ ಸೂರ್ಯನ ಕಿರಣವೊಂದು ವೃತ್ತದ ಪಕ್ಕವನ್ನು ಸವರಿಕೊಂಡು ಬಂದು ನೆಲ ಮುಟ್ಟಲಿ. ನಿಮ್ಮ ಮಕ್ಕಳು ಅಳೆದ ತುದಿ ಅದೇ. ಆ ಕಿರಣವನ್ನು ಹಿಂದಕ್ಕೆ, ಕಾಂಡದ ನೇರಕ್ಕೆ ಬರುವ ತನಕ ಎಳೆಯಿರಿ. ಗೆರೆ ಸೇರುವುದು ಮರದ ನೆತ್ತಿಯನ್ನಲ್ಲ, ಅದಕ್ಕಿಂತ ಮೇಲೆ, ಖಾಲಿ ಗಾಳಿಯಲ್ಲಿ. ಮಧ್ಯಾಹ್ನದ ಗುಂಪು ಕಂಡುಹಿಡಿದ 16.8 ಮೀಟರ್ ಆ ಜಾಗದ ಎತ್ತರ. ತ್ರಿಭುಜಗಳು ಸಮರೂಪವೇ, ಲೆಕ್ಕವೂ ಸರಿಯೇ, ಆದರೆ ದೊಡ್ಡ ತ್ರಿಭುಜದ ನಿಂತ ಬಾಹು ಮರವಲ್ಲ. ಬೆಳಿಗ್ಗೆ ಕಿರಣ ಹೆಚ್ಚು ಅಡ್ಡವಾಗಿ ಬರುವುದರಿಂದ ನೆತ್ತಿಯ ಹತ್ತಿರವೇ ಸವರಿಕೊಂಡು ಹೋಗುತ್ತದೆ. ಅದಕ್ಕೇ 11.7 ನಿಜಕ್ಕೆ ಹತ್ತಿರ, ಆದರೂ ಸ್ವಲ್ಪ ಜಾಸ್ತಿ.

ಎಷ್ಟು ಜಾಸ್ತಿ? ಇಲ್ಲಿ ಇನ್ನೊಂದು ಜೋಡಿ ಸಮರೂಪ ತ್ರಿಭುಜಗಳು ಅಡಗಿವೆ, ಪಾಠದ ನಿಜವಾದ ರುಚಿ ಇರುವುದೇ ಅಲ್ಲಿ. ವೃತ್ತದ ಕೇಂದ್ರದಿಂದ ಕಿರಣ ಸವರುವ ಬಿಂದುವಿಗೆ ತ್ರಿಜ್ಯ ಎಳೆಯಿರಿ. ಕಿರಣ ವೃತ್ತಕ್ಕೆ ಸ್ಪರ್ಶಕ, ಆದ್ದರಿಂದ ಅಲ್ಲಿ ಲಂಬಕೋನ. ಕೇಂದ್ರ, ಆ ಬಿಂದು, ಗಾಳಿಯಲ್ಲಿ ಗೆರೆಗಳು ಸೇರಿದ ಜಾಗ, ಈ ಮೂರೂ ಸೇರಿದ ತ್ರಿಭುಜವು ಕೋಲು ಮತ್ತು ಅದರ ನೆರಳಿನ ತ್ರಿಭುಜಕ್ಕೆ ಸಮರೂಪ. ಕೋಲಿನ ತ್ರಿಭುಜದಲ್ಲಿ ಕರ್ಣವು ನೆರಳಿನ ಎಷ್ಟು ಪಟ್ಟು ಇದೆಯೋ, ಕೇಂದ್ರದಿಂದ ಗಾಳಿಯ ಬಿಂದುವಿಗಿರುವ ದೂರವೂ ತ್ರಿಜ್ಯದ ಅಷ್ಟೇ ಪಟ್ಟು.

ನಿಮ್ಮ ಅಂಕಿಗಳನ್ನೇ ಹಾಕೋಣ. ಬೆಳಿಗ್ಗೆ ಕೋಲು 1, ನೆರಳು 1.65, ಪೈಥಾಗೊರಸ್ ಪ್ರಕಾರ ಕರ್ಣ 1.93. ಅಂದರೆ 1.17 ಪಟ್ಟು. ಮಧ್ಯಾಹ್ನ ನೆರಳು 0.44, ಕರ್ಣ 1.09, ಅಂದರೆ 2.48 ಪಟ್ಟು. ಹರವಿನ ಕೇಂದ್ರ ನೆಲದಿಂದ ಎಷ್ಟು ಎತ್ತರವಿದೆಯೋ ಅದಕ್ಕೆ ತ್ರಿಜ್ಯದ 1.17 ಪಟ್ಟು ಕೂಡಿಸಿದರೆ 11.7, 2.48 ಪಟ್ಟು ಕೂಡಿಸಿದರೆ 16.8. ಎರಡು ಸಮೀಕರಣ, ಎರಡು ಅವ್ಯಕ್ತ. ಒಂದರಿಂದ ಇನ್ನೊಂದನ್ನು ಕಳೆದರೆ ತ್ರಿಜ್ಯದ 1.31 ಪಟ್ಟು 5.1 ಮೀಟರ್ ಆಯಿತು. ತ್ರಿಜ್ಯ 3.9 ಮೀಟರ್. ಕೇಂದ್ರದ ಎತ್ತರ 7.1 ಮೀಟರ್ ಚಿಲ್ಲರೆ. ಎರಡನ್ನೂ ಕೂಡಿಸಿದರೆ ನೆತ್ತಿ ಸಿಗುತ್ತದೆ: ನಿಮ್ಮ ಮರದ ಎತ್ತರ ಸುಮಾರು 11 ಮೀಟರ್. ಬೆಳಗಿನವರಿಗೆ ಮುಕ್ಕಾಲು ಮೀಟರಿನಷ್ಟು ಜಾಸ್ತಿ ಬಂದಿತ್ತು, ಮಧ್ಯಾಹ್ನದವರಿಗೆ ಆರು ಮೀಟರಿನ ಹತ್ತಿರ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ, ಅಂಗಳದಲ್ಲೇ ಪರೀಕ್ಷೆ ಮಾಡಬಹುದು. ಚೆಂಡಿನ ನೆರಳು ಸೂರ್ಯ ಇಳಿದಂತೆ ಉದ್ದವಾಗುತ್ತದೆ, ಆದರೆ ಅಡ್ಡ ಅಗಲ ಬದಲಾಗುವುದಿಲ್ಲ, ಯಾವಾಗಲೂ ಚೆಂಡಿನ ವ್ಯಾಸದಷ್ಟೇ. ಹಾಗಾಗಿ ಕೋಲಿನ ನೆರಳು ಚಾಚಿದ ದಿಕ್ಕಿಗೆ ಅಡ್ಡಲಾಗಿ ಮರದ ನೆರಳಿನ ಅಗಲ ಅಳೆಸಿ. 7.8 ಮೀಟರ್ ಆಸುಪಾಸು ಬಂದರೆ ಲೆಕ್ಕ ಗಟ್ಟಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆಯಿರಿ. ಬೆಳಿಗ್ಗೆ ನೆರಳು ಪಶ್ಚಿಮಕ್ಕೆ ಬೀಳುವುದರಿಂದ ಮರದ ದಕ್ಷಿಣೋತ್ತರ ಅಗಲ ಸಿಗುತ್ತದೆ, ಮಧ್ಯಾಹ್ನ ಪೂರ್ವ-ಪಶ್ಚಿಮದ ಅಗಲ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಮರ ಸುತ್ತಲೂ ಗುಂಡಗಿದೆ ಎಂದರ್ಥ. ತುಂಬ ಬೇರೆಯಾದರೆ ಅದನ್ನು ಚೆಂಡು ಅಂತ ಭಾವಿಸಿದ್ದು ಹೊಂದುವುದಿಲ್ಲ. ಮೊಟ್ಟೆಯ ಹಾಗೆ ಉದ್ದುದ್ದ ಬೆಳೆದ ಮರಕ್ಕೂ ಇದು ಕೈಕೊಡುತ್ತದೆ.

ಅಗಲ ಕೈಯಲ್ಲಿದ್ದರೆ ಪೈಥಾಗೊರಸ್ ಕೂಡ ಬೇಕಿಲ್ಲ, ಎರಡು ಹೊತ್ತು ಅಳೆಯುವುದೂ ಬೇಡ. ಒಂಬತ್ತನೇ ತರಗತಿಯವರಿಗೂ ಆಗುವ ದಾರಿ ಇದು. ಹರವಿನ ನೆರಳಿಗೆ ದೂರದ ಅಂಚು ಇರುವಂತೆ ಬುಡದ ಕಡೆಯ ಅಂಚೂ ಇದೆ. ಬುಡದಿಂದ ಎರಡನ್ನೂ ಅಳೆಯಿರಿ. ನಿಮ್ಮ ಮರಕ್ಕೆ ಬೆಳಿಗ್ಗೆ ಹತ್ತಿರದ ಅಂಚು 4.3 ಮೀಟರಿನಲ್ಲಿ ಸಿಗಬೇಕು. 19.3 ಮತ್ತು 4.3ರ ನಡು ಬಿಂದು 11.8. ಅದು ಹರವಿನ ಕೇಂದ್ರದ ನೆರಳು. 1.65ರಿಂದ ಭಾಗಿಸಿದರೆ ಕೇಂದ್ರದ ಎತ್ತರ 7.15. ನೆರಳಿನ ಅರ್ಧ ಅಗಲ 3.9 ಕೂಡಿಸಿ, ಮುಗಿಯಿತು. ಮಧ್ಯಾಹ್ನ ಮಾಡಿದರೂ ಇದು ನಡೆಯುತ್ತದೆ. ಒಂದೇ ಎಚ್ಚರ: ಆಗ ನೆರಳು ಬುಡವನ್ನು ದಾಟಿ ದಕ್ಷಿಣಕ್ಕೂ ಒಂದು ಮೀಟರಿನಷ್ಟು ಚಾಚಿರುತ್ತದೆ, ಆ ಅಳತೆಯನ್ನು ಋಣ ಸಂಖ್ಯೆಯಾಗಿ ಬರೆಯಬೇಕು.

ಮಕ್ಕಳಿಗೆ ಮೊದಲು ಉತ್ತರ ಗೊತ್ತಿರುವ ಒಂದು ಮರ ಕೊಡಿ ಎನ್ನುವುದು ನನ್ನ ಸಲಹೆ. 40 ಸೆಂಟಿಮೀಟರ್ ಕೋಲಿನ ಮೇಲೆ ವಾಲಿಬಾಲ್ ಕೂರಿಸಿದರೆ ಸಾಕು. ಚೆಂಡಿನ ವ್ಯಾಸ 21 ಸೆಂಟಿಮೀಟರ್, ಒಟ್ಟು 61. ಇದರ ನೆರಳಿನ ತುದಿ ಹಿಡಿದು ನಿಮ್ಮ ಎರಡು ಹೊತ್ತಿನಲ್ಲೇ ಲೆಕ್ಕ ಮಾಡಿದರೆ ಬೆಳಿಗ್ಗೆ 63, ಮಧ್ಯಾಹ್ನ 76ರ ಮೇಲೆ ಬರುತ್ತದೆ. ಕಣ್ಣೆದುರೇ ಇರುವ ಚೆಂಡು ಬೆಳೆಯಲಿಲ್ಲ ಅಂತ ಅವರೇ ನೋಡುತ್ತಾರೆ. ಆ ಹುಡುಗನ ಕೈಯಿಂದಲೇ ಮಾಡಿಸಿ. ಅವನು ಕೇಳಿದ್ದು ಒಳ್ಳೆಯ ಪ್ರಶ್ನೆ.

ಹಾಗಾದರೆ ಯಾವ ಹೊತ್ತು ಒಳ್ಳೆಯದು? ಕೋಲಿನ ನೆರಳು ಕೋಲಿಗಿಂತ ಒಂದೂವರೆಯಿಂದ ಎರಡು ಪಟ್ಟು ಇರುವ ಹೊತ್ತು. ಅದಕ್ಕೂ ಒಂದು ಬೆಲೆ ಇದೆ. ಆ ಹೊತ್ತಿನಲ್ಲಿ ನೆರಳು ಓಡುತ್ತದೆ. ನಿಮ್ಮ ಮರದ ನೆರಳು ಬೆಳಿಗ್ಗೆ 9ಕ್ಕೆ ನಿಮಿಷಕ್ಕೆ ಸುಮಾರು 15 ಸೆಂಟಿಮೀಟರ್ ಕುಗ್ಗುತ್ತಿತ್ತು. ಮರ ಅಳೆದು ಹತ್ತು ನಿಮಿಷ ಬಿಟ್ಟು ಕೋಲು ಅಳೆದರೆ ಎತ್ತರದಲ್ಲಿ ಒಂದು ಮೀಟರ್ ತಪ್ಪಾಗುತ್ತದೆ. ಟೇಪು ಒಂದೇ ಇದ್ದರೆ ಅವಸರ ಬೇಡ. ಒಬ್ಬರು ಶಿಳ್ಳೆ ಹೊಡೆಯಲಿ, ಆ ಕ್ಷಣಕ್ಕೆ ಮರದ ನೆರಳಿನ ಅಂಚಿಗೂ ಕೋಲಿನ ನೆರಳಿನ ತುದಿಗೂ ಇಬ್ಬರು ಗೂಟ ಹೊಡೆಯಲಿ ಅಥವಾ ಸುಣ್ಣದ ಗುರುತು ಹಾಕಲಿ. ಆಮೇಲೆ ನಿಧಾನಕ್ಕೆ ಅಳೆದರಾಯಿತು. ಮಧ್ಯಾಹ್ನ ಈ ಓಟ ಇರುವುದಿಲ್ಲ, ನೆರಳಿನ ಉದ್ದ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಅದನ್ನು ನಂಬಿ ಎಷ್ಟೋ ಜನ ಮಧ್ಯಾಹ್ನವನ್ನೇ ಆರಿಸುತ್ತಾರೆ, ಆಗ ಹರವಿನ ತಪ್ಪು ತಲೆ ಮೇಲೆ ಬಂದು ಕೂರುತ್ತದೆ. ಇನ್ನು ನಮ್ಮ ಕೊಪ್ಪಳ, ಬಳ್ಳಾರಿಯಲ್ಲಿ ಮೇ ಮೊದಲ ವಾರದಲ್ಲೂ ಆಗಸ್ಟ್ ಎರಡನೇ ವಾರದಲ್ಲೂ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಆಗ ಕೋಲಿಗೆ ನೆರಳೇ ಇರುವುದಿಲ್ಲ, ಭಾಗಿಸುವುದು ಯಾವುದರಿಂದ?

ನೆರಳಿನ ಅಂಚು ಗೆರೆ ಕೊಯ್ದಂತೆ ಇರುವುದಿಲ್ಲ ಅನ್ನುವುದನ್ನೂ ಮಕ್ಕಳಿಗೆ ತೋರಿಸಿ. ಸೂರ್ಯ ಒಂದು ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲವಾಗಿ ಕಾಣುತ್ತಾನೆ. ಹಾಗಾಗಿ ಬೆಳಿಗ್ಗೆ ಒಂದು ಮೀಟರ್ ಕೋಲಿನ ನೆರಳಿನ ತುದಿಯಲ್ಲೇ ಸುಮಾರು ಮೂರೂವರೆ ಸೆಂಟಿಮೀಟರ್ ಮಬ್ಬು ಇರುತ್ತದೆ, ಮರದ ಅಂಚಿನಲ್ಲಿ ಸುಮಾರು 35. ಎರಡು ಕಡೆಯೂ ಮಬ್ಬಿನ ನಡುವನ್ನೇ ಹಿಡಿಯಬೇಕು. ಇದನ್ನೆಲ್ಲ ಕೂಡಿಸಿ ನೋಡಿದರೆ 11.04 ಅಂತ ಬರೆಯುವುದು ಸುಳ್ಳು ನಿಖರತೆ. 11 ಮೀಟರ್, ಆಚೆ ಈಚೆ ಅರ್ಧ ಮೀಟರ್ ಅಂತ ಬರೆಸಿ.

ಅಂಗಳದ ಇಳಿಜಾರಿಗೆ ಹೆದರಬೇಕಿಲ್ಲ. ಗಾರೆ ಕೆಲಸದವರ ಹತ್ತಿರ ನೀರು ತುಂಬಿದ ಪೈಪಿನ ಲೆವೆಲ್ ಇರುತ್ತದೆ. ನೆರಳಿನ ತುದಿ ಬುಡಕ್ಕಿಂತ ಎಷ್ಟು ತಗ್ಗಿನಲ್ಲಿದೆ ಅಂತ ಅದರಿಂದ ನೋಡಿ. 30 ಸೆಂಟಿಮೀಟರ್ ತಗ್ಗಿದ್ದರೆ ಬಂದ ಎತ್ತರದಿಂದ ಅಷ್ಟೇ ಕಳೆಯಿರಿ, ಏರಿದ್ದರೆ ಕೂಡಿಸಿ. ಕೋಲು ಮಾತ್ರ ಸಮತಟ್ಟಾದ ಜಾಗದಲ್ಲಿ, ದಾರಕ್ಕೆ ಕಲ್ಲು ಕಟ್ಟಿ ನೋಡಿ ನೆಟ್ಟಗೆ ನಿಂತಿರಬೇಕು.

ಮುಂದಿನ ಸಲ ಶಾಲೆ ಕಟ್ಟಡ ಅಳೆಯುವುದಾದರೆ ಗೋಡೆಯ ನಡುವನ್ನು ಬಿಟ್ಟು ಮೂಲೆ ಹಿಡಿಯಿರಿ. ಚಾವಣಿಯ ಮೂಲೆಯ ನೆರಳು ನೆಲದ ಮೇಲೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಟೇಪು ಗೋಡೆಗೆ ಲಂಬವಾಗಿ ಹೋಗಬಾರದು, ಮೂಲೆಯ ಬುಡದಿಂದ ಕೋಲಿನ ನೆರಳಿನ ದಿಕ್ಕಿನಲ್ಲೇ ಹೋಗಬೇಕು. ಓವರ್‌ಹೆಡ್ ಟ್ಯಾಂಕಿಗೆ ನೆರಳಿನ ತುದಿ ಬರುವುದು ಮೇಲಿನ ಹೊರ ಅಂಚಿನಿಂದ, ಆದ್ದರಿಂದ ನಡುಗಂಬದಿಂದ ಅಳೆದು ಟ್ಯಾಂಕಿನ ಅರ್ಧ ಅಗಲ ಕಳೆಯಬೇಕು. ಇಟಗಿಯ ಮಹಾದೇವ ದೇವಾಲಯದ ಶಿಖರದಂಥದ್ದಕ್ಕೆ ಇದು ತಿರುಗುಮುರುಗು. ಅಲ್ಲಿ ತುದಿಯ ಬುಡ ಗರ್ಭಗುಡಿಯೊಳಗಿದೆ, ಟೇಪು ಹೊರಗೋಡೆಯಿಂದ ಶುರುವಾಗುತ್ತದೆ. ಒಳಗಿನ ಆ ದೂರವನ್ನು, ನೆರಳಿನ ದಿಕ್ಕಿನಲ್ಲೇ ಲೆಕ್ಕ ಹಾಕಿ, ಕೂಡಿಸಬೇಕು. ಸೂರ್ಯ ಶಿಖರದ ಇಳಿಜಾರಿಗಿಂತ ಮೇಲಿದ್ದರೆ ತುದಿಯ ನೆರಳು ಕಟ್ಟಡದ ಮೇಲೇ ಬೀಳುತ್ತದೆ, ನೆಲಕ್ಕೆ ಬರುವುದೇ ಇಲ್ಲ. ಹಾಗಾಗಿ ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿ.

ಬೇವಿನ ನೆರಳಿನ ಅಗಲ ಅಳೆದ ಮೇಲೆ ಎಷ್ಟು ಬಂತು ಅಂತ ತಪ್ಪದೆ ಬರೆಯಿರಿ. 7.8ಕ್ಕಿಂತ ತುಂಬ ಬೇರೆ ಬಂದರೆ ಮರದ ಚಿತ್ರವನ್ನೂ ಮಕ್ಕಳಿಂದ ಬರೆಸಿ ಕಳಿಸಿ. ಆ ಆಕಾರಕ್ಕೆ ತಕ್ಕ ಲೆಕ್ಕವನ್ನು ಇಲ್ಲೇ ಮಾಡಿ ನೋಡೋಣ.

— ಸಂಪಾದಕ