ದಪ್ಪ ತೆನೆ ಆರಿಸಿದರೂ ರಾಗಿ ಇಳುವರಿ ಏಕೆ ಏರುವುದಿಲ್ಲ?

ಪ್ರಶ್ನೆ: ಹೂವಿನ ಬಣ್ಣ ಬೇರೆ ಇರೋ ತಳಿಯನ್ನು ಎರಡು ಮೂರು ಪೀಳಿಗೆಯಲ್ಲೇ ನೆಲೆ ನಿಲ್ಲಿಸಬಹುದು ಅಂತ ಓದಿದೆ. ಇಳುವರಿ ಮಾತ್ರ ಯಾಕೆ ಅಷ್ಟು ಸುಲಭವಾಗಿ ಏರಲ್ಲ? ನಾನು ಜಿಪಿಯು-28 ರಾಗಿಯಲ್ಲಿ ಪ್ರತಿ ವರ್ಷ ದಪ್ಪ ತೆನೆಗಳನ್ನೇ ಬೀಜಕ್ಕೆ ಎತ್ತಿಡ್ತೀನಿ. ಏನೂ ವ್ಯತ್ಯಾಸ ಕಾಣ್ತಿಲ್ಲ.

ರಾಗಿ ತಳಿ ಪ್ರಯೋಗದ ತಾಕುಗಳಲ್ಲಿ ಕೆಲಸ ಮಾಡಿದವನಾಗಿ ಉತ್ತರಿಸುತ್ತಿದ್ದೇನೆ. ಮೊದಲು ನಿಮ್ಮ ಹೊಲದ ವಿಷಯ. ರಾಗಿ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ, ಪಕ್ಕದ ಗಿಡದ ಪರಾಗ ಬಂದು ಸೇರುವುದು ಬಹಳ ಅಪರೂಪ. ಜಿಪಿಯು-28ರಂಥ ಬಿಡುಗಡೆಯಾದ ತಳಿಯಲ್ಲಿ, ಬೀಜ ಶುದ್ಧವಾಗಿದ್ದರೆ, ಹೊಲದ ಎಲ್ಲ ಗಿಡಗಳ ವಂಶವಾಹಿಗಳೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಒಂದು ತೆನೆ ದಪ್ಪ, ಇನ್ನೊಂದು ಸಣ್ಣ ಆಗಿದ್ದು ಹೇಗೆ? ದಪ್ಪ ತೆನೆಗಳು ಎಲ್ಲೆಲ್ಲಿ ಸಿಕ್ಕವು ಎಂದು ಈ ಸಲ ಗಮನಿಸಿ ನೋಡಿ. ಬದುವಿನ ಅಂಚಿನಲ್ಲಿ ಇರುತ್ತವೆ, ಯಾಕೆಂದರೆ ಅಲ್ಲಿ ಒಂದು ಕಡೆ ಪೈಪೋಟಿಗೆ ಗಿಡವಿಲ್ಲ. ಪಕ್ಕದ ಸಸಿ ಸತ್ತು ಜಾಗ ಖಾಲಿಯಾದ ಕಡೆ ಇರುತ್ತವೆ. ಗೊಬ್ಬರದ ಗುಡ್ಡೆ ಹಾಕಿದ್ದ ಜಾಗದಲ್ಲಿ, ನೀರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವ ತಗ್ಗಿನಲ್ಲಿ ಇರುತ್ತವೆ. ಆ ದಪ್ಪ ಬಂದದ್ದು ಜಾಗದಿಂದ. ಜಾಗ ಬೀಜದ ಜೊತೆ ಮುಂದಿನ ವರ್ಷಕ್ಕೆ ಬರುವುದಿಲ್ಲ.

ಇದನ್ನು ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸನ್ 1903ರಲ್ಲೇ ಹುರುಳಿಕಾಯಿ ಬೀಜದ ಮೇಲೆ ತೋರಿಸಿದ್ದರು. ಮಾರುಕಟ್ಟೆಯಿಂದ ತಂದ ಬೆರಕೆ ಬೀಜದಿಂದ, ಒಂದೊಂದೇ ಗಿಡದಿಂದ ಶುರುಮಾಡಿ, 19 ಶುದ್ಧ ಸಂತತಿಗಳನ್ನು ಬೇರೆ ಬೇರೆಯಾಗಿ ಬೆಳೆಸಿದರು. ಸಂತತಿ ಸಂತತಿಗಳ ನಡುವೆ ಬೀಜದ ತೂಕದ ವ್ಯತ್ಯಾಸ ಉಳಿದುಕೊಂಡು ಬಂತು. ಆದರೆ ಒಂದೇ ಸಂತತಿಯೊಳಗೆ ಅತಿ ದೊಡ್ಡ ಬೀಜ ಬಿತ್ತಿದರೂ ಅತಿ ಸಣ್ಣ ಬೀಜ ಬಿತ್ತಿದರೂ ಮುಂದಿನ ಬೆಳೆಯ ಸರಾಸರಿ ತೂಕ ಒಂದೇ ಆಯಿತು. ನಿಮ್ಮ ಹೊಲದಲ್ಲಿ ಆಗುತ್ತಿರುವುದೂ ಇದೇ. ಆಯ್ಕೆ ಫಲ ಕೊಡಬೇಕಾದರೆ ಆಯ್ದುಕೊಳ್ಳಲು ವಂಶವಾಹಿಯ ವ್ಯತ್ಯಾಸ ಅಲ್ಲಿ ಇರಬೇಕು.

ಈಗ ಬಣ್ಣಕ್ಕೆ ಬರೋಣ. ಮೆಂಡೆಲ್ ನೇರಳೆ ಹೂವಿನ ಬಟಾಣಿಯನ್ನು ಬಿಳಿ ಹೂವಿನದರ ಜೊತೆ ಸಂಕರ ಮಾಡಿದಾಗ ಎರಡನೇ ಪೀಳಿಗೆಯಲ್ಲಿ 705 ಗಿಡ ನೇರಳೆ, 224 ಗಿಡ ಬಿಳಿ ಬಂದವು. ಮೂರಕ್ಕೆ ಒಂದು. ಆ ಬಿಳಿಗೆ ಕಾರಣ ಒಂದೇ ಒಂದು ಜೀನಿನ, ಅಂದರೆ ವಂಶವಾಹಿಯ, ಡಿಎನ್‌ಎಯಲ್ಲಿ ಆದ ಒಂದೇ ಅಕ್ಷರದ ಬದಲಾವಣೆ ಎಂದು 2010ರಲ್ಲಿ ಪತ್ತೆಯಾಯಿತು. ಆ ಜೀನು ಬಣ್ಣ ತಯಾರಿಸುವ ಬೇರೆ ಜೀನುಗಳಿಗೆ ಚಾಲನೆ ಕೊಡುವಂಥದು, ಅದು ಕೆಟ್ಟರೆ ಬಣ್ಣವೇ ಹುಟ್ಟುವುದಿಲ್ಲ. ಬಿಳಿ ಹೂವಿನ ಗಿಡಕ್ಕೆ ಎಷ್ಟು ಯೂರಿಯಾ ಹಾಕಿದರೂ ಅದು ನೇರಳೆ ಆಗದು, ಬರ ಬಂದರೂ ಬಿಳಿ ಬಿಳಿಯೇ. ಹಾಗಾಗಿ ಬಿಳಿ ಹೂವಿನ ಗಿಡವನ್ನು ಒಂದೇ ಸಲ ನೋಡಿದರೆ ಅದರ ವಂಶವಾಹಿ ಏನೆಂದು ಹೇಳಿಬಿಡಬಹುದು. ಅದರ ಬೀಜ ಬಿತ್ತಿದರೆ ಎಲ್ಲವೂ ಬಿಳಿ. ಕೆಲಸ ಮುಗಿಯಿತು. ಎಲ್ಲ ಹೂವಿನ ಎಲ್ಲ ಬಣ್ಣವೂ ಇಷ್ಟು ಸರಳ ಅಲ್ಲ, ಆದರೆ ಇರುವ ಬಣ್ಣವನ್ನು ಇಲ್ಲವಾಗಿಸುವ ಕೆಲಸ ಬಹುತೇಕ ಹೀಗೇ ನಡೆಯುತ್ತದೆ.

ರಾಗಿಯಲ್ಲೂ ಇಂಥ ಒಂದು ಬಣ್ಣವಿದೆ. ಕೆಲವು ತಳಿಗಳ ಗಿಣ್ಣು, ತೆನೆಗಳಲ್ಲಿ ನೇರಳೆ ಛಾಯೆ, ಇನ್ನು ಕೆಲವು ಪೂರ್ತಿ ಹಸಿರು. ಎರಡನ್ನೂ ಸಂಕರ ಮಾಡಿದರೆ ನೇರಳೆಯದೇ ಮೇಲುಗೈ. ರಾಗಿಯ ಹೂವು ಎಷ್ಟು ಚಿಕ್ಕದೆಂದರೆ ಕೇಸರಗಳನ್ನು ಕಿತ್ತು ಸಂಕರ ಮಾಡುವುದು ಬಹಳ ಕಷ್ಟ. ಅದಕ್ಕೇ ಹಸಿರು ತಾಯಿ ಗಿಡದ ತೆನೆಯನ್ನೂ ನೇರಳೆ ತಂದೆ ಗಿಡದ ತೆನೆಯನ್ನೂ ಹೂ ಬಿಡುವ ಹೊತ್ತಿಗೆ ಒಟ್ಟಿಗೆ ಸೇರಿಸಿ ಕಟ್ಟಿ, ಮೇಲೆ ಚೀಲ ಹಾಕುತ್ತಾರೆ. ತಾಯಿ ತೆನೆಯ ಬೀಜ ಬಿತ್ತಿದಾಗ ಹೆಚ್ಚಿನವು ಹಸಿರೇ ಬರುತ್ತವೆ, ಅವು ತಾಯಿಯ ಸ್ವಂತ ಪರಾಗದವು. ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಗಿಡ ಕಂಡರೆ ಅದೇ ನಿಜವಾದ ಸಂಕರ. ಕಣ್ಣಲ್ಲಿ ನೋಡಿಯೇ ತೀರ್ಮಾನ. ಆ ನೇರಳೆ ಗಿಡದ ಸಂತತಿಯಲ್ಲಿ ಇಳುವರಿ ಹುಡುಕಲು ಹೊರಟಾಗ ನಿಜವಾದ ಕಷ್ಟ ಶುರುವಾಗುತ್ತದೆ.

ಯಾಕೆಂದರೆ ಇಳುವರಿ ಒಂದು ಗುಣವೇ ಅಲ್ಲ. ಎಷ್ಟು ತೆಂಡೆ ಒಡೆಯಿತು, ಅವುಗಳಲ್ಲಿ ತೆನೆ ಕಟ್ಟಿದ್ದೆಷ್ಟು, ತೆನೆಗೆ ಎಷ್ಟು ಬೆರಳು, ಬೆರಳಿನ ಉದ್ದ, ಕಾಳಿನ ತೂಕ, ಎಲ್ಲ ಸೇರಿ ಇಳುವರಿ. ಇದರ ಹಿಂದೆ ಬೇರು ಎಷ್ಟು ಆಳ ಹೋಯಿತು, ಹೂವು ಎಷ್ಟನೇ ದಿನ ಬಂತು, ಬೆಂಕಿ ರೋಗ ತಡೆಯಿತೇ ಎಂಬುದೂ ಇದೆ. ಪ್ರತಿಯೊಂದಕ್ಕೂ ಹತ್ತಾರು ಜೀನು, ಒಂದೊಂದರ ಪಾಲು ಅತ್ಯಲ್ಪ. ಸಾಲದ್ದಕ್ಕೆ ಒಂದನ್ನು ಎಳೆದರೆ ಇನ್ನೊಂದು ಕುಗ್ಗುತ್ತದೆ: ತೆಂಡೆ ಹೆಚ್ಚಾದರೆ ತೆನೆ ಸಣ್ಣದಾಗುತ್ತದೆ, ಗಿಡ ತಯಾರಿಸುವ ಆಹಾರಕ್ಕೆ ಮಿತಿ ಇದೆಯಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಸಂಕರದ ಎರಡನೇ ಪೀಳಿಗೆಯಲ್ಲಿ ಒಂದು ಜೀನಿನ ಒಳ್ಳೆಯ ರೂಪ ತಾಯಿಯಿಂದ ಬಂದ, ತಂದೆಯಿಂದ ಬಂದ ಎರಡೂ ಪ್ರತಿಯಲ್ಲಿರುವ ಗಿಡ ನಾಲ್ಕಕ್ಕೆ ಒಂದು. ಬೇರೆ ಬೇರೆಯಾಗಿ ಸಾಗುವ ಹತ್ತು ಜೀನುಗಳ ಒಳ್ಳೆಯ ರೂಪ ಒಂದೇ ಗಿಡದಲ್ಲಿ ಹಾಗೆ ಸೇರಬೇಕಾದರೆ ಹತ್ತು ಲಕ್ಷ ಚಿಲ್ಲರೆಯಲ್ಲಿ ಒಂದು. ಮೂವತ್ತು ಸೆಂಟಿಮೀಟರ್ ಸಾಲು, ಹತ್ತು ಸೆಂಟಿಮೀಟರ್ ಅಂತರದಲ್ಲಿ ಒಂದು ಹೆಕ್ಟೇರಿಗೆ ಮೂರು ಲಕ್ಷದ ಮೂವತ್ತು ಸಾವಿರದಷ್ಟು ಗಿಡ ಹಿಡಿಯುತ್ತವೆ, ಅಂದರೆ ಮೂರು ಹೆಕ್ಟೇರ್ ಬೇಕು. ಇಪ್ಪತ್ತು ಜೀನು ಎಂದಿಟ್ಟುಕೊಂಡರೆ ಒಂದು ಲಕ್ಷ ಕೋಟಿಗೂ ಹೆಚ್ಚು ಗಿಡಗಳಲ್ಲಿ ಒಂದು. ಕರ್ನಾಟಕದ ರಾಗಿ ನೆಲವೆಲ್ಲ ಸೇರಿದರೂ ಸಾಲದು. ಅದಕ್ಕೇ ಒಂದೇ ಸಲಕ್ಕೆ ಎಲ್ಲ ಸಿಗುವುದಿಲ್ಲ, ಆಯ್ದು, ಮತ್ತೆ ಸಂಕರ ಮಾಡಿ, ಮತ್ತೆ ಆಯ್ದು ಮುಂದೆ ಹೋಗಬೇಕು.

ಅಷ್ಟೂ ಗಿಡ ಬೆಳೆಸಿದಿರಿ ಎನ್ನಿ. ಆ ಒಂದು ಗಿಡವನ್ನು ಗುರುತಿಸುವುದು ಹೇಗೆ? ಹೆರಿಟಬಿಲಿಟಿ ಎಂಬ ಮಾತು ಬರುವುದು ಇಲ್ಲಿ. ಗಿಡ ಗಿಡಗಳ ನಡುವೆ, ತಾಕು ತಾಕುಗಳ ನಡುವೆ ಕಾಣುವ ಒಟ್ಟು ಏರಿಳಿತದಲ್ಲಿ ವಂಶವಾಹಿಯ ಪಾಲೆಷ್ಟು ಎಂಬುದೇ ಅದು. ಹೆರಿಟಬಿಲಿಟಿ 0.3 ಎಂದರೆ ನಿಮ್ಮ ರಾಗಿಯಲ್ಲಿ ಮೂವತ್ತು ಭಾಗ ವಂಶವಾಹಿಯಿಂದ, ಎಪ್ಪತ್ತು ಭಾಗ ಗೊಬ್ಬರದಿಂದ ಬಂತು ಎಂದು ಅರ್ಥವಲ್ಲ. ಅದು ವ್ಯತ್ಯಾಸದ ಲೆಕ್ಕ. ಅದು ಬೆಳೆಗೆ ಅಂಟಿದ ಸ್ಥಿರ ಸಂಖ್ಯೆಯೂ ಅಲ್ಲ. ನಿಮ್ಮ ಶುದ್ಧ ಜಿಪಿಯು-28 ಹೊಲದಲ್ಲಿ ಇಳುವರಿಯ ಹೆರಿಟಬಿಲಿಟಿ ಸೊನ್ನೆಗೆ ಹತ್ತಿರ, ನೂರು ಬೇರೆ ಬೇರೆ ತಳಿ ಬಿತ್ತಿದ ಹೊಲದಲ್ಲಿ ಹಾಗಲ್ಲ.

ಆಯ್ಕೆಯಿಂದ ಸಿಗುವ ಲಾಭಕ್ಕೆ ತಳಿ ಅಭಿವೃದ್ಧಿಯಲ್ಲಿ ಒಂದು ಸೂತ್ರವಿದೆ:

R = h² × S

S ಎಂದರೆ ನೀವು ಆಯ್ದವು ಸರಾಸರಿಗಿಂತ ಎಷ್ಟು ಮೇಲಿದ್ದವು ಎಂಬುದು, h² ಹೆರಿಟಬಿಲಿಟಿ, R ಎಂದರೆ ಮುಂದಿನ ಬೆಳೆಯಲ್ಲಿ ನಿಜವಾಗಿ ಉಳಿಯುವ ಹೆಚ್ಚಳ. ಉದಾಹರಣೆಗೆಂದು ಹಾಕಿಕೊಂಡ ಅಂಕಿಗಳಿಂದ ವಿವರಿಸುತ್ತೇನೆ. ನೂರು ಹೊಸ ರಾಗಿ ಸಂತತಿಗಳಿವೆ, ಸರಾಸರಿ ಇಳುವರಿ ಹೆಕ್ಟೇರಿಗೆ 30 ಕ್ವಿಂಟಲ್. ಏರಿಳಿತವನ್ನು ಅಳೆಯುವ ವೇರಿಯನ್ಸ್‌ನಲ್ಲಿ ವಂಶವಾಹಿಯ ಪಾಲು 4, ಊರೂರಿಗೆ ತಳಿಯ ವರ್ತನೆ ಬದಲಾಗುವ ಪಾಲು 6, ತಾಕಿನ ಮಣ್ಣು, ತೇವದ ಪಾಲು 20 ಎಂದಿರಲಿ. ಒಂದೇ ಊರಿನಲ್ಲಿ, ಪ್ರತಿ ಸಂತತಿಗೆ ಒಂದೇ ತಾಕು ಹಾಕಿದರೆ ಹೆರಿಟಬಿಲಿಟಿ 4/30, ಅಂದರೆ 0.13. ಅತ್ಯುತ್ತಮವಾಗಿ ಕಂಡ ಐದನ್ನು ಆಯ್ದರೆ ಅವು ಸರಾಸರಿಗಿಂತ ಸುಮಾರು 11 ಕ್ವಿಂಟಲ್ ಮೇಲಿರುತ್ತವೆ. 41 ಕ್ವಿಂಟಲ್ ರಾಗಿ! ಕೈಗೆ ಚಿನ್ನ ಸಿಕ್ಕಿತು ಅನ್ನಿಸುತ್ತದೆ. ಮುಂದಿನ ವರ್ಷ ಅವನ್ನೇ ಬಿತ್ತಿದರೆ 11ರಲ್ಲಿ ಉಳಿಯುವುದು ಒಂದೂವರೆ ಕ್ವಿಂಟಲ್ ಮಾತ್ರ. ಉಳಿದದ್ದು ಒಳ್ಳೆಯ ತಾಕು ಸಿಕ್ಕಿದ್ದರ ಫಲ. ನಿಮ್ಮ ದಪ್ಪ ತೆನೆಗೆ ಬದುವಿನ ಅಂಚು ಸಿಕ್ಕಿತ್ತಲ್ಲ, ಹಾಗೆ.

ಅದೇ ನೂರು ಸಂತತಿಗಳನ್ನು ಐದು ಊರುಗಳಲ್ಲಿ, ಪ್ರತಿ ಊರಿನಲ್ಲಿ ಮೂರು ತಾಕುಗಳಂತೆ ಬಿತ್ತಿ ಸರಾಸರಿ ತೆಗೆಯಿರಿ. ಊರಿನ ಪಾಲು 6 ಐದರಿಂದ ಭಾಗವಾಗಿ 1.2, ಮಣ್ಣಿನ ಪಾಲು 20 ಹದಿನೈದರಿಂದ ಭಾಗವಾಗಿ 1.33. ಹೆರಿಟಬಿಲಿಟಿ 0.61ಕ್ಕೆ ಏರಿತು. ಈಗ ಆಯ್ದ ಐದು ಸರಾಸರಿಗಿಂತ 5 ಕ್ವಿಂಟಲ್ ಚಿಲ್ಲರೆ ಮಾತ್ರ ಮೇಲೆ ಕಾಣುತ್ತವೆ, ಆದರೆ ಅದರಲ್ಲಿ 3 ಕ್ವಿಂಟಲ್‌ಗೂ ಹೆಚ್ಚು ಮುಂದೆ ಉಳಿಯುತ್ತದೆ. ಬೀಜ ಅದೇ, ವಂಶವಾಹಿ ಅದೇ, ನೋಡುವ ರೀತಿ ಬದಲಾದದ್ದಕ್ಕೇ ಲಾಭ ಎರಡರಷ್ಟಾಯಿತು. ಬಿಳಿ ಹೂವಿಗೆ ಒಂದು ನೋಟ ಸಾಕು. ಇಳುವರಿಗೆ ಒಂದು ಸಂತತಿಗೆ ಹದಿನೈದು ತಾಕು, ಅದನ್ನೂ ಒಂದು ವರ್ಷದ ಮಳೆ ನಂಬದೆ ಎರಡು ಮೂರು ವರ್ಷ. ಕಾಲವೂ ಹಣವೂ ಹೋಗುವುದು ಇಲ್ಲಿಯೇ.

ಊರೂರಿಗೆ ವರ್ತನೆ ಬದಲಾಗುವುದು ಎಂದೆನಲ್ಲ, ಅದು ನಿಮಗೆ ಗೊತ್ತಿರುವ ವಿಷಯವೇ. ಮಳೆ ಬೇಗ ಬಂದು ಜೂನ್ ಕೊನೆ, ಜುಲೈ ಮೊದಲಲ್ಲಿ ಬಿತ್ತಿದರೆ ಎಂಆರ್-1, ಎಂಆರ್-6ರಂಥ ದೀರ್ಘಾವಧಿ ತಳಿಗಳು ಚೆನ್ನಾಗಿ ಬರುತ್ತವೆ. ಆಗಸ್ಟ್ ಕೊನೆಗೆ ತಳ್ಳಿದರೆ ಕಾಳು ಕಟ್ಟುವ ಹೊತ್ತಿಗೆ ತೇವ ಮುಗಿದು ಅವೇ ತಳಿಗಳು ಸೋಲುತ್ತವೆ, ಜಿಪಿಯು-48ರಂಥ ಅಲ್ಪಾವಧಿಯವು ಮುಂದೆ ಬರುತ್ತವೆ. ಯಾವುದು ಒಳ್ಳೆಯ ತಳಿ ಎಂಬುದಕ್ಕೆ ಬಿತ್ತನೆಯ ತಿಂಗಳು ಹೇಳದೆ ಉತ್ತರವಿಲ್ಲ.

ಇಷ್ಟೆಲ್ಲ ಇದ್ದರೂ ರಾಗಿ ಇಳುವರಿ ಏರಿದೆ, ಅದು ಏರಿದ ದಾರಿಯೂ ಈ ಲೆಕ್ಕಕ್ಕೆ ಹೊಂದುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ನಮ್ಮ ತಳಿಗಳಲ್ಲಿ ಇಲ್ಲದ ವ್ಯತ್ಯಾಸವನ್ನು ಹೊರಗಿನಿಂದ ತಂದದ್ದು ಅಲ್ಲಿನ ಮುಖ್ಯ ಹೆಜ್ಜೆ. ನಿಮ್ಮ ಜಿಪಿಯು-28ರಲ್ಲೂ ಇಂಡಾಫ್ ರಕ್ತವಿದೆ. ಅದು ರೈತರ ಮನಸ್ಸು ಗೆದ್ದದ್ದಕ್ಕೆ ದೊಡ್ಡ ಕಾರಣ ಕುತ್ತಿಗೆಗೂ ತೆನೆಗೂ ಬರುವ ಬೆಂಕಿ ರೋಗವನ್ನು ತಡೆಯುವ ಶಕ್ತಿ. ರೋಗ ಜೋರಾಗಿರುವ ಜಾಗದಲ್ಲಿ ಬೆಳೆಸಿದರೆ ರೋಗ ಹಿಡಿದದ್ದು, ಹಿಡಿಯದ್ದು ಕಣ್ಣಿಗೆ ಕಾಣುತ್ತದೆ, ಹೆರಿಟಬಿಲಿಟಿ ಇಳುವರಿಗಿಂತ ಹೆಚ್ಚು. ಇಳುವರಿಯನ್ನು ನೇರವಾಗಿ ಹಿಡಿಯಲು ಆಗದ ಕಡೆ ಹೀಗೆ ಅದಕ್ಕೆ ಕಾವಲಾಗಿರುವ ಗುಣವನ್ನು ಆಯ್ದುಕೊಳ್ಳುವುದು ನನಗೆ ಎಲ್ಲಕ್ಕಿಂತ ಹಿಡಿಸಿದ ದಾರಿ.

ನಿಮ್ಮ ಮಟ್ಟಿಗೆ ಹೇಳುವುದಾದರೆ ತೆನೆ ಆರಿಸುವುದನ್ನು ನಿಲ್ಲಿಸಬೇಡಿ, ಉದ್ದೇಶ ಬದಲಿಸಿ. ರೋಗ ಹಿಡಿದ ತೆನೆ, ಬೇರೆ ಎತ್ತರದ, ಬೇರೆ ಆಕಾರದ ತೆನೆಯ ಗಿಡಗಳನ್ನು ಕೊಯ್ಲಿಗೆ ಮುಂಚೆಯೇ ಕಿತ್ತರೆ ತಳಿ ಶುದ್ಧವಾಗಿ ಉಳಿಯುತ್ತದೆ. ಇಳುವರಿ ಹೆಚ್ಚಬೇಕೆಂದರೆ ತಳಿಗಳನ್ನು ಹೋಲಿಸಿ. ಮೂರು ತಳಿ ತಂದು, ಪ್ರತಿಯೊಂದಕ್ಕೂ ಹೊಲದ ನಾಲ್ಕು ಬೇರೆ ಬೇರೆ ಕಡೆ ಒಂದೊಂದು ಪಟ್ಟೆ ಕೊಡಿ, ಯಾವ ಪಟ್ಟೆಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿ. ಎಲ್ಲವನ್ನೂ ಒಂದೇ ದಿನ ಬಿತ್ತಿ. ಕೊಯ್ಯುವಾಗ ಅಂಚಿನ ಸಾಲುಗಳನ್ನು ಮೊದಲು ಬೇರೆ ತೆಗೆದು, ಒಳಗಿನದನ್ನು ಮಾತ್ರ ಒಂದೇ ರೀತಿ ಒಣಗಿಸಿ ತೂಗಿ. ಒಂದೇ ತಳಿಯ ನಾಲ್ಕು ಪಟ್ಟೆಗಳ ನಡುವಿನ ವ್ಯತ್ಯಾಸ ತಳಿ ತಳಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿ ಕಂಡರೆ ಆ ವರ್ಷದ ಲೆಕ್ಕ ನೋಡಿ ತಳಿ ಬದಲಿಸಬೇಡಿ, ಮುಂದಿನ ಮುಂಗಾರಿಗೆ ಇನ್ನೊಮ್ಮೆ ಬಿತ್ತಿ ತೂಗಿ ನೋಡಿ.