ಚೀನಾದವರ ಜೊತೆ ಮೊದಲ ಕರೆ

"ದಾವಣಗೆರೆಯ ನಮ್ಮ ಅಕ್ಕಿ ಗಿರಣಿಗೆ ಚೀನಾದಿಂದ ಕಲರ್ ಸಾರ್ಟರ್ ತರಿಸಬೇಕು. ಮೊದಲ ವಿಡಿಯೊ ಕರೆಯಲ್ಲಿ ನನ್ನ ಪರಿಚಯ ಹೇಗೆ ಹೇಳಲಿ?"

ನಾಲ್ಕೇ ಸಣ್ಣ ವಾಕ್ಯ ಸಾಕು ಸರ್. "ಐ ಆಮ್ ಮಂಜುನಾಥ್. ಐ ಬೈ ಮಷೀನ್ಸ್ ಫಾರ್ ಎ ರೈಸ್ ಮಿಲ್. ಐ ಡಿಸ್ಕಸ್ ದಿ ಪ್ರೈಸ್. ಮೈ ಓನರ್ ಸೈನ್ಸ್ ದಿ ಆರ್ಡರ್." ಒಂದೊಂದು ಆದಮೇಲೂ ಸ್ವಲ್ಪ ನಿಲ್ಲಿಸಿ.

ನಾನು ಮೊದಲ ಸಲ "ಐ ಲುಕ್ ಆಫ್ಟರ್ ಪರ್ಚೇಸ್" ಅಂದಿದ್ದೆ. ಅವರು ನಗುತ್ತಾ ತಲೆಯಾಡಿಸಿದರು. ಅವರ ಕಿವಿಗೆ ಬಿದ್ದದ್ದು "ಆಫ್ಟರ್ ಪರ್ಚೇಸ್" ಮಾತ್ರ. ಸರ್ವಿಸ್‌ನವನು ಅಂದುಕೊಂಡು ಬಿಡಿಭಾಗಗಳ ಪಟ್ಟಿ ಕಳಿಸಿದರು!

ಕೊನೆಯ ವಾಕ್ಯ ಬಿಡಬೇಡಿ. ಸಹಿ ನಿಮ್ಮದೇ ಅಂದುಕೊಂಡರೆ ಅವತ್ತೇ ಒಪ್ಪಿಸಲು ನೋಡುತ್ತಾರೆ.

ಗಿರಣಿಯ ಸಾಮರ್ಥ್ಯ ದಿನಕ್ಕೆ 15 ಟನ್ ಅನ್ನುವಾಗ "ಫಿಫ್ಟೀನ್, ಒನ್ ಫೈವ್" ಎನ್ನಿ, ಚಾಟ್‌ನಲ್ಲೂ 15 ಅಂತ ಟೈಪ್ ಮಾಡಿ. 50 ಅಂತ ಕೇಳಿಸಿದರೆ ದೊಡ್ಡ ಮಷೀನಿನ ಕೊಟೇಶನ್ ಬರುತ್ತದೆ.