ಕೈಚೀಟಿಯಾ, ಆರ್‌ಡಿಯಾ?

ಪ್ರಶ್ನೆ: ನಮ್ಮ ಬೀದಿಯಲ್ಲಿ 20 ಜನರ, ಒಂದು ಲಕ್ಷದ ಚೀಟಿ ಶುರುವಾಗ್ತಿದೆ. ತಿಂಗಳಿಗೆ 5,000. ಸೇರಲಾ, ಇಲ್ಲ ಬ್ಯಾಂಕಲ್ಲಿ ಆರ್‌ಡಿ ಮಾಡಲಾ?

ಉತ್ತರ: ಬರೀ ಉಳಿತಾಯಕ್ಕಾದರೆ ಆರ್‌ಡಿನೇ ಸರಿ. ಬಡ್ಡಿ ಮೊದಲೇ ಗೊತ್ತಿರುತ್ತದೆ. ಬ್ಯಾಂಕ್ ಮುಳುಗಿದರೂ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ನಡುವೆ ದೊಡ್ಡ ಮೊತ್ತ ಬೇಕಾದವರಿಗೆ ಮಾತ್ರ ಚೀಟಿ ಉಪಯೋಗ.

ಅಪಾಯ ಇರುವುದು ಮೊದಲೇ ಚೀಟಿ ಎತ್ತಿದವರಲ್ಲಿ. ಮೂರನೇ ತಿಂಗಳ ಹರಾಜಿನಲ್ಲಿ ಒಬ್ಬರು 30,000 ಬಿಟ್ಟು ಕೂಗಿ, 70,000 ತಗೊಂಡರು ಅನ್ನಿ. ಆ 30,000 ಹಂಚಿದರೆ ಎಲ್ಲರಿಗೂ 1,500 ಉಳಿಯಿತು, ಖುಷಿ. ಆದರೆ ಅವರು ಇನ್ನೂ 17 ಕಂತು ಕಟ್ಟಬೇಕು, ಅಲ್ವಾ? ಅವರು ನಿಲ್ಲಿಸಿದರೆ ಆ ಹಣ ಚೀಟಿ ನಡೆಸುವವರ ಕೈಯಿಂದ ಬರಬೇಕು. ಅಷ್ಟೊಂದು ಬಿಟ್ಟು ಕೂಗುವವರಿಗೆ ಎಷ್ಟು ತುರ್ತಿರಬೇಕು, ಯೋಚಿಸಿ.

ಹಾಗಾಗಿ ನಡೆಸುವವರನ್ನು ಒಂದೇ ಕೇಳಿ: ಎತ್ತಿದವರಿಂದ ಜಾಮೀನು ಏನು ತಗೋತೀರಿ? "ಎಲ್ಲ ನಮ್ಮವರೇ" ಅಂದರೆ ಬೇಡ. ಹಿಂದಿನ ಚೀಟಿಯಲ್ಲಿ ಕೊನೇ ತಿಂಗಳು ಎತ್ತಿದವರನ್ನೂ ಮಾತಾಡಿಸಿ. ಮೊದಲು ಎತ್ತಿದವರು ಹೊಗಳುವುದು ಸಹಜ.

ಅಂದಹಾಗೆ, ಇಷ್ಟು ಮೊತ್ತದ ಚೀಟಿ ನೋಂದಣಿ ಇಲ್ಲದೆ ನಡೆಸುವುದು 1982ರ ಚಿಟ್ ಫಂಡ್ ಕಾಯ್ದೆಗೆ ವಿರುದ್ಧ. ಚೀಟಿಯೇ ಬೇಕೆಂದರೆ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಚೀಟಿ ವಿಚಾರಿಸಿ.